ಹಂಗಾಮು, ಮಣ್ಣು, ಗೊಬ್ಬರ, ಕೀಟ: ಪ್ರಶ್ನೆಪತ್ರಿಕೆಯಲ್ಲಿ ಒಂದು ಹೊಲ

ಕರ್ನಾಟಕ ಲೋಕಸೇವಾ ಆಯೋಗ ನಡೆಸುವ ಕೃಷಿ ಅಧಿಕಾರಿ ಮತ್ತು ಸಹಾಯಕ ಕೃಷಿ ಅಧಿಕಾರಿ ಪರೀಕ್ಷೆಗಳಲ್ಲಿ, ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ಐಬಿಪಿಎಸ್ ನಡೆಸುವ ಪರೀಕ್ಷೆಯಲ್ಲಿ ಬೆಳೆ ಹಂಗಾಮು, ಮಣ್ಣಿನ ವಿಧ, ರಸಗೊಬ್ಬರ ಮತ್ತು ಕೀಟಗಳ ಮೇಲಿನ ಪ್ರಶ್ನೆಗಳು ಇದ್ದೇ ಇರುತ್ತವೆ. ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಸಾಮಾನ್ಯ ಅಧ್ಯಯನದಲ್ಲೂ ಇವು ಆಗಾಗ ತಲೆಹಾಕುತ್ತವೆ. ಗೈಡುಗಳು ಈ ನಾಲ್ಕನ್ನೂ ನಾಲ್ಕು ಬೇರೆ ಪಟ್ಟಿಗಳಾಗಿ ಕೊಡುತ್ತವೆ. ‘ಯೂರಿಯಾದಲ್ಲಿ ಸಾರಜನಕದ ಪ್ರಮಾಣ ಎಷ್ಟು?’ ಎಂಬಂಥ ನೇರ ಪ್ರಶ್ನೆಗೆ ಪಟ್ಟಿ ಬಾಯಿಪಾಠವಾಗಿದ್ದರೆ ಸಾಕು. ಹೇಳಿಕೆ ಮತ್ತು ಕಾರಣ ಕೊಟ್ಟು ಎರಡರ ಸಂಬಂಧ ಕೇಳುವ ಪ್ರಶ್ನೆ, ರೋಗಲಕ್ಷಣ ವಿವರಿಸಿ ಕಾರಣ ಕೇಳುವ ಪ್ರಶ್ನೆ, ಗೊಬ್ಬರದ ಲೆಕ್ಕ ಬಂದಾಗ ಮಾತ್ರ ಪಟ್ಟಿ ಕೈಕೊಡುತ್ತದೆ. ಹೊಲದಲ್ಲಿ ಈ ನಾಲ್ಕೂ ಬೇರೆ ಬೇರೆಯಾಗಿ ನಡೆಯುವುದಿಲ್ಲ. ಹಂಗಾಮು ನೀರು ತರುತ್ತದೆ, ಮಣ್ಣು ಆ ನೀರನ್ನು ಹಿಡಿದಿಡುತ್ತದೆ, ಗೊಬ್ಬರ ಆ ನೀರಿನಲ್ಲಿ ಕರಗಿ ಬೇರಿಗೆ ಸೇರುತ್ತದೆ, ಹಾಗೆ ಬೆಳೆದ ಗಿಡ ಎಷ್ಟು ಮೆತ್ತಗಿದೆ ಎಂಬುದರ ಮೇಲೆ ಕೀಟದ ಹಾವಳಿ ನಿಂತಿದೆ. ವಿಜಯಪುರದ ಎರೆ ಹೊಲದಿಂದ ತುಂಗಭದ್ರೆಯ ಎಡದಂಡೆ ಕಾಲುವೆಯ ಗಂಗಾವತಿ, ಸಿಂಧನೂರಿನ ಗದ್ದೆಗಳವರೆಗಿನ ಸೀಮೆಯನ್ನು ಹಿಡಿದು ನೋಡಿದರೆ, ಕೇಳುವ ಪ್ರಶ್ನೆಗಳಲ್ಲಿ ಬಹುಪಾಲಿಗೆ ಅಲ್ಲಿಯೇ ಉತ್ತರ ಸಿಗುತ್ತದೆ.

ಹಂಗಾಮಿನ ಪ್ರಶ್ನೆಗಳು ಮೇಲ್ನೋಟಕ್ಕೆ ಸುಲಭ. ಜೂನ್‌ನಲ್ಲಿ ಬಿತ್ತಿ ಅಕ್ಟೋಬರ್ ಹೊತ್ತಿಗೆ ಕೊಯ್ಯುವುದು ಮುಂಗಾರು ಬೆಳೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಬಿತ್ತಿ ಫೆಬ್ರುವರಿ, ಮಾರ್ಚ್‌ನಲ್ಲಿ ಕೊಯ್ಯುವುದು ಹಿಂಗಾರು ಬೆಳೆ. ಇವೆರಡರ ನಡುವೆ ಸಿಗುವ ಮಾರ್ಚ್‌ನಿಂದ ಜೂನ್‌ವರೆಗಿನ ಅವಧಿ ಬೇಸಿಗೆ ಬೆಳೆಯದು. ಹಿಂದಿ ಸೀಮೆಯ ಪುಸ್ತಕಗಳಲ್ಲಿ ಇವೇ ಖಾರಿಫ್, ರಬಿ, ಜೈದ್. ರಾಗಿ, ಮೆಕ್ಕೆಜೋಳ, ತೊಗರಿ, ಹತ್ತಿ, ಸೋಯಾ ಅವರೆ ಮುಂಗಾರಿನ ಪಟ್ಟಿಯಲ್ಲಿ. ಗೋಧಿ, ಕಡಲೆ, ಕುಸುಬೆ, ಸಾಸಿವೆ, ಅಗಸೆ ಹಿಂಗಾರಿನ ಪಟ್ಟಿಯಲ್ಲಿ. ಕಲ್ಲಂಗಡಿ, ಸೌತೆ ಬೇಸಿಗೆಯಲ್ಲಿ. ಕಬ್ಬು ಹನ್ನೆರಡು ತಿಂಗಳಿಗೂ ಮೀರಿ ನಿಲ್ಲುವ ಬೆಳೆಯಾದ್ದರಿಂದ ಈ ಮೂರರಲ್ಲಿ ಯಾವುದಕ್ಕೂ ಸೇರದು. ತೊಗರಿಯ ವಿಷಯದಲ್ಲಿ ಒಂದು ತೊಡಕಿದೆ. ಕಲಬುರಗಿಯ ತೊಗರಿ ಜೂನ್, ಜುಲೈನಲ್ಲಿ ಬಿತ್ತನೆಯಾಗಿ ಡಿಸೆಂಬರ್, ಜನವರಿಯಲ್ಲಿ ಕೊಯ್ಲಿಗೆ ಬರುತ್ತದೆ. ಕೊಯ್ಲಿನ ತಿಂಗಳು ನೋಡಿದವರು ಅದನ್ನು ಹಿಂಗಾರಿಗೆ ಸೇರಿಸಿಬಿಡುತ್ತಾರೆ. ಬೆಳೆಯ ಹಂಗಾಮನ್ನು ನಿರ್ಧರಿಸುವುದು ಬಿತ್ತನೆಯ ಕಾಲ. ಹಾಗಾಗಿ ತೊಗರಿ ಮುಂಗಾರಿನದೇ.

ಜೋಳದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಅಖಿಲ ಭಾರತ ಮಟ್ಟದ ಪುಸ್ತಕಗಳು ಜೋಳವನ್ನು ಮುಂಗಾರಿಗೆ ಹಾಕುತ್ತವೆ. ವಿಜಯಪುರ, ಬಾಗಲಕೋಟೆಯ ಕಡೆ ರೊಟ್ಟಿಗೆ ಬಳಸುವ ಬಿಳಿಜೋಳ ಮಾತ್ರ ಅಪ್ಪಟ ಹಿಂಗಾರಿ ಬೆಳೆ. ಮಾಲ್ದಂಡಿ ಎಂದು ಹೆಸರಾದ ಎಂ 35-1 ತಳಿಯನ್ನು ಬಿತ್ತುವುದು ಸೆಪ್ಟೆಂಬರ್ ನಡುಭಾಗದಿಂದ ಅಕ್ಟೋಬರ್ ನಡುಭಾಗದೊಳಗೆ. ಇದರ ಹಿಂದೆ ಅಲ್ಲಿನ ಮಳೆ ಮತ್ತು ಮಣ್ಣು ಎರಡೂ ಇವೆ. ಕರ್ನಾಟಕದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ಉತ್ತರ ಒಣ ವಲಯ ಮಳೆ ಕಡಿಮೆ ಬೀಳುವ ಪ್ರದೇಶ. ಅಲ್ಲಿ ಜೂನ್, ಜುಲೈನ ಮಳೆಯನ್ನು ನಂಬುವಂತಿಲ್ಲ, ಸೆಪ್ಟೆಂಬರಿನ ಮಳೆಯೇ ಗಟ್ಟಿ. ಆಳವಾದ ಎರೆಮಣ್ಣಿನ ಹೊಲವನ್ನು ಮುಂಗಾರಿನಲ್ಲಿ ಬಿತ್ತದೆ ಖಾಲಿ ಬಿಟ್ಟು, ಹರಗಿ ಕಳೆ ತೆಗೆದು, ಬಿದ್ದ ಮಳೆಯನ್ನೆಲ್ಲ ಮಣ್ಣಿಗೆ ಕುಡಿಸುತ್ತಾರೆ. ಆಮೇಲೆ ಬಿತ್ತಿದ ಜೋಳ ಮುಂದಿನ ನಾಲ್ಕು ತಿಂಗಳು ಹೆಚ್ಚಾಗಿ ಹಾಗೆ ಸಂಗ್ರಹವಾದ ತೇವದಲ್ಲೇ ಬೆಳೆಯುತ್ತದೆ. ‘ಹಿಂಗಾರಿ ಜೋಳವನ್ನು ಕಪ್ಪು ಮಣ್ಣಿನಲ್ಲಿ ಬೆಳೆಯುತ್ತಾರೆ’ ಎಂಬ ಹೇಳಿಕೆಗೆ ‘ಕಪ್ಪು ಮಣ್ಣಿನ ತೇವಾಂಶ ಹಿಡಿದಿಡುವ ಶಕ್ತಿ ಹೆಚ್ಚು’ ಎಂಬ ಕಾರಣ ಸರಿಹೊಂದುವುದು ಇದರಿಂದ. ಅದೇ ಹೇಳಿಕೆಗೆ ‘ಕಪ್ಪು ಮಣ್ಣಿನಲ್ಲಿ ಸಾವಯವ ಅಂಶ ಹೆಚ್ಚು’ ಎಂಬ ಕಾರಣ ಕೊಟ್ಟಿದ್ದರೆ ಅದು ಸುಳ್ಳು. ಬಣ್ಣ ಕಂಡು ಮೋಸಹೋಗುವವರನ್ನು ಈ ಆಯ್ಕೆ ಸೆಳೆಯುತ್ತದೆ. ದಖ್ಖನಿನ ಎರೆಮಣ್ಣು ನೋಡಲು ಎಷ್ಟೇ ಕಪ್ಪಗಿದ್ದರೂ ಅದರಲ್ಲಿ ಸಾವಯವ ಇಂಗಾಲ, ಸಾರಜನಕ, ರಂಜಕ ಮೂರೂ ಕಡಿಮೆ. ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ಧಾರಾಳ.

ಎರೆಮಣ್ಣಿಗೆ ಈ ಗುಣ ಕೊಟ್ಟಿರುವುದು ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ. ಇದರ ಕಣ ಪದರ ಪದರವಾಗಿರುತ್ತದೆ. ಪದರಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ, ನೀರು ಆರಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆ ಹೊಲದಲ್ಲಿ ಕೈ ತೂರುವಷ್ಟು ಅಗಲದ ಬಿರುಕು ಬೀಳುತ್ತದೆ. ಮೇಲಿನ ಪುಡಿಮಣ್ಣು ಆ ಬಿರುಕಿನೊಳಗೆ ಉದುರಿ, ಮಳೆ ಬಂದಾಗ ಕೆಳಗಿನದು ಉಬ್ಬಿ ಮೇಲೆ ಬರುತ್ತದೆ. ಪುಸ್ತಕಗಳು ಇದನ್ನು ‘ತನ್ನನ್ನು ತಾನೇ ಉಳುವ ಮಣ್ಣು’ ಎನ್ನುವುದು ಈ ಕಾರಣಕ್ಕೆ. ಅಮೆರಿಕದ ಮಣ್ಣು ವರ್ಗೀಕರಣದಲ್ಲಿ ಇದರ ಹೆಸರು ವರ್ಟಿಸಾಲ್. ಇಲ್ಲಿಂದ ದಕ್ಷಿಣಕ್ಕೆ ಬಂದರೆ ಸಿಗುವ ಕೆಂಪು ಮಣ್ಣಿನಲ್ಲಿ ಕೆಯೊಲಿನೈಟ್ ಜೇಡಿ ಹೆಚ್ಚು. ಅದು ಉಬ್ಬುವುದಿಲ್ಲ, ನೀರನ್ನೂ ಹೆಚ್ಚು ಹಿಡಿಯುವುದಿಲ್ಲ. ಅದರ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್. ಕೋಲಾರ, ತುಮಕೂರಿನ ಕೆಂಪು ಮಣ್ಣಿನಲ್ಲಿ ರಾಗಿ, ನೆಲಗಡಲೆಯನ್ನು ಮಳೆಗಾಲದಲ್ಲೇ ಬೆಳೆದು ಮುಗಿಸಬೇಕು. ಅಲ್ಲಿ ತೇವವನ್ನು ತಿಂಗಳುಗಟ್ಟಲೆ ಕಾಪಿಟ್ಟು ಹಿಂಗಾರಿ ಬೆಳೆ ತೆಗೆಯಲು ಮಣ್ಣು ಬಿಡುವುದಿಲ್ಲ. ಮಣ್ಣಿನ ಪಟ್ಟಿಯೂ ಹಂಗಾಮಿನ ಪಟ್ಟಿಯೂ ಒಂದಕ್ಕೊಂದು ಕೂಡಿಕೊಳ್ಳುವ ಜಾಗ ಇದು.

ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನ ಬಗ್ಗೆ ಕೇಳುವುದು ಸಾಮಾನ್ಯವಾಗಿ ಎರಡು ವಿಷಯ. ಅತಿಯಾದ ಮಳೆಗೆ ಸುಣ್ಣ, ಸಿಲಿಕಾ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದದ್ದರಿಂದ ಅದು ಹುಳಿ ಮಣ್ಣು ಎಂಬುದು ಒಂದು. ಟಿಪ್ಪುವಿನ ಪತನದ ನಂತರ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರಂನಲ್ಲಿ ಕಂಡ ಈ ಕಲ್ಲನ್ನು 1807ರಲ್ಲಿ ಲ್ಯಾಟರೈಟ್ ಎಂದು ಕರೆದ ಎಂಬುದು ಇನ್ನೊಂದು.

ತುಂಗಭದ್ರಾ ಅಚ್ಚುಕಟ್ಟಿಗೆ ಇಳಿದರೆ ಅದೇ ಎರೆಮಣ್ಣು ಬೇರೆಯ ಮುಖ ತೋರಿಸುತ್ತದೆ. ಈ ಯೋಜನೆಯನ್ನು ರೂಪಿಸಿದವರು ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗಳಿಗೆ ಹೆಚ್ಚು ಪ್ರದೇಶ ಮೀಸಲಿಟ್ಟಿದ್ದರು. ಕಾಲುವೆಯ ಮೇಲ್ಭಾಗದಲ್ಲಿ ನೀರು ಕೈಗೆ ಸಿಕ್ಕ ರೈತರು ಭತ್ತಕ್ಕೆ ತಿರುಗಿದರು. ನೀರು ಹಿಡಿದಿಡುವ ಗುಣ ಒಣ ಬೇಸಾಯದಲ್ಲಿ ವರವಾಗಿತ್ತು. ಸದಾ ನೀರು ನಿಲ್ಲಿಸುವ ಗದ್ದೆಯಲ್ಲಿ ಅದೇ ಗುಣ ಬಸಿಯುವಿಕೆಗೆ ಅಡ್ಡಿಯಾಯಿತು. ಅಂತರ್ಜಲ ಮೇಲೇರಿ, ಅದರೊಂದಿಗೆ ಬಂದ ಲವಣಗಳು ನೀರು ಆವಿಯಾದ ಮೇಲೆ ಮಣ್ಣಿನ ಮೇಲ್ಪದರದಲ್ಲೇ ಉಳಿದವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಮಣ್ಣಿನ ಸುಧಾರಣೆಯ ಮೇಲೆ ಕೆಲಸ ಮಾಡುತ್ತಿರುವುದಕ್ಕೆ ಈ ಸಮಸ್ಯೆಯೇ ಹಿನ್ನೆಲೆ.

ಲವಣ ಮಣ್ಣು ಮತ್ತು ಕ್ಷಾರ ಮಣ್ಣಿನ ವ್ಯತ್ಯಾಸ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಲವಣ ಮಣ್ಣಿನಲ್ಲಿ ಕರಗುವ ಉಪ್ಪುಗಳು ಹೆಚ್ಚಾಗಿರುತ್ತವೆ, ಒಣಗಿದಾಗ ಮೇಲೆ ಬಿಳಿ ಪುಡಿ ಕಾಣುತ್ತದೆ. ಅದರ ವಿದ್ಯುತ್ ವಾಹಕತೆ 4 ಡೆಸಿಸೀಮೆನ್ಸ್‌ಗಿಂತ ಹೆಚ್ಚು, ರಸಸಾರ 8.5ಕ್ಕಿಂತ ಕಡಿಮೆ. ಕ್ಷಾರ ಮಣ್ಣಿನಲ್ಲಿ ಉಪ್ಪಿನ ಪ್ರಮಾಣ ಕಡಿಮೆ ಇದ್ದರೂ ಜೇಡಿ ಕಣಕ್ಕೆ ಅಂಟಿಕೊಂಡ ಸೋಡಿಯಂ ಹೆಚ್ಚು, ವಿನಿಮಯ ಸೋಡಿಯಂ ಶೇ 15ನ್ನು ಮೀರಿರುತ್ತದೆ, ರಸಸಾರ 8.5ರಿಂದ ಮೇಲೆ. ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸಿ ಮಣ್ಣಿನ ರಂಧ್ರ ಮುಚ್ಚುವುದರಿಂದ ನೀರು ಇಂಗುವುದಿಲ್ಲ. ಒಣಗಿದಾಗ ನೆಲ ಕಲ್ಲಿನಂತೆ ಗಟ್ಟಿಯಾಗುತ್ತದೆ. ಪರಿಹಾರ ಇಲ್ಲಿಯೇ ಬೇರ್ಪಡುತ್ತದೆ. ಲವಣ ಮಣ್ಣಿಗೆ ಒಳ್ಳೆಯ ನೀರು ಕಟ್ಟಿ ಉಪ್ಪನ್ನು ತೊಳೆದು ಬಸಿಗಾಲುವೆಯಲ್ಲಿ ಹೊರಹಾಕಿದರೆ ಸಾಕು. ಕ್ಷಾರ ಮಣ್ಣಿಗೆ ಬರೀ ನೀರು ಕಟ್ಟಿದರೆ ಪ್ರಯೋಜನವಿಲ್ಲ. ಮೊದಲು ಜಿಪ್ಸಂ ಬೇಕು. ಜಿಪ್ಸಂನ ಕ್ಯಾಲ್ಸಿಯಂ ಜೇಡಿಯ ಮೇಲಿನ ಸೋಡಿಯಂ ಜಾಗದಲ್ಲಿ ಕೂರುತ್ತದೆ, ಬಿಡುಗಡೆಯಾದ ಸೋಡಿಯಂ ಸಲ್ಫೇಟ್ ಆಗಿ ನೀರಿನಲ್ಲಿ ಕರಗುತ್ತದೆ. ಅದನ್ನು ಹೊರಗೆ ಬಸಿಯುವ ದಾರಿ ಇಲ್ಲದಿದ್ದರೆ ಹಾಕಿದ ಜಿಪ್ಸಂ ವ್ಯರ್ಥ. ಸುಣ್ಣವನ್ನು ಶಿಫಾರಸು ಮಾಡುವುದು ಮಲೆನಾಡಿನ ಹುಳಿ ಮಣ್ಣಿಗೆ. ಜಿಪ್ಸಂ ಮತ್ತು ಸುಣ್ಣ ಎರಡರಲ್ಲೂ ಕ್ಯಾಲ್ಸಿಯಂ ಇರುವುದರಿಂದ ಅಭ್ಯರ್ಥಿಗಳು ಇವನ್ನು ಅದಲುಬದಲು ಮಾಡುತ್ತಾರೆ. ಸುಣ್ಣ ರಸಸಾರವನ್ನು ಏರಿಸುತ್ತದೆ ಎಂಬುದನ್ನು ನೆನಪಿಟ್ಟರೆ, ಈಗಾಗಲೇ ರಸಸಾರ ಏರಿದ ಮಣ್ಣಿಗೆ ಅದನ್ನು ಹಾಕುವ ಆಯ್ಕೆ ತಾನಾಗಿಯೇ ಬಿದ್ದುಹೋಗುತ್ತದೆ.

ಗೊಬ್ಬರದ ಭಾಗಕ್ಕೆ ಬಂದಾಗ ಕೆಲವು ಅಂಕಿಗಳನ್ನು ನೆನಪಿಟ್ಟುಕೊಳ್ಳಲೇಬೇಕು. ಯೂರಿಯಾದಲ್ಲಿ ಶೇ 46 ಸಾರಜನಕ. ಡಿಎಪಿಯಲ್ಲಿ ಶೇ 18 ಸಾರಜನಕ, ಶೇ 46 ರಂಜಕ. ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ಶೇ 16 ರಂಜಕ. ಮ್ಯುರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಶೇ 60 ಪೊಟ್ಯಾಷ್. ಚೀಲದ ಮೇಲಿನ ರಂಜಕ, ಪೊಟ್ಯಾಷ್ ಅಂಕಿಗಳು P₂O₅ ಮತ್ತು K₂O ಲೆಕ್ಕದಲ್ಲಿ ಇರುತ್ತವೆ. ಶುದ್ಧ ರಂಜಕದ ಲೆಕ್ಕದಲ್ಲಿ ಡಿಎಪಿಯ 46 ಅಂದಾಜು 20ಕ್ಕೆ ಇಳಿಯುತ್ತದೆ. ಶಿಫಾರಸುಗಳೂ ಅದೇ ಆಕ್ಸೈಡ್ ಲೆಕ್ಕದಲ್ಲೇ ಇರುವುದರಿಂದ ಸಾಮಾನ್ಯ ಪ್ರಶ್ನೆಗಳಲ್ಲಿ ಪರಿವರ್ತನೆ ಬೇಕಾಗುವುದಿಲ್ಲ.

ಪರೀಕ್ಷೆಯಲ್ಲಿ ಬರುವಂಥ ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡಬಹುದು. ನೀರಾವರಿ ಭತ್ತಕ್ಕೆ ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಷ್ 100:50:50 ಕಿಲೋ ಕೊಡಬೇಕು. ಯೂರಿಯಾ, ಡಿಎಪಿ ಮತ್ತು ಮ್ಯುರಿಯೇಟ್ ಆಫ್ ಪೊಟ್ಯಾಷ್ ಬಳಸಿದರೆ ಯೂರಿಯಾ ಎಷ್ಟು ಬೇಕು? ಅವಸರದಲ್ಲಿ 100ನ್ನು 46ರಿಂದ ಭಾಗಿಸಿ 100ರಿಂದ ಗುಣಿಸಿದವರಿಗೆ 217 ಕಿಲೋ ಬರುತ್ತದೆ, ಆ ಅಂಕಿ ಆಯ್ಕೆಗಳಲ್ಲಿ ಖಂಡಿತ ಇರುತ್ತದೆ. ಡಿಎಪಿಯಲ್ಲೂ ಸಾರಜನಕ ಇದೆ ಎಂಬುದನ್ನು ಮರೆತದ್ದು ಇಲ್ಲಿನ ತಪ್ಪು. ಎರಡು ಪೋಷಕಾಂಶ ಕೊಡುವ ಗೊಬ್ಬರದಿಂದಲೇ ಲೆಕ್ಕ ಶುರುವಾಗಬೇಕು. 50 ಕಿಲೋ ರಂಜಕಕ್ಕೆ 50ನ್ನು 0.46ರಿಂದ ಭಾಗಿಸಿದರೆ ಸುಮಾರು 109 ಕಿಲೋ ಡಿಎಪಿ. ಅದರ ಶೇ 18 ಅಂದರೆ 19.6 ಕಿಲೋ ಸಾರಜನಕ ಆಗಲೇ ಗದ್ದೆಗೆ ಸೇರಿತು. ಉಳಿದ 80.4 ಕಿಲೋ ಸಾರಜನಕಕ್ಕೆ 0.46ರಿಂದ ಭಾಗಿಸಿದಾಗ ಸುಮಾರು 175 ಕಿಲೋ ಯೂರಿಯಾ. ಪೊಟ್ಯಾಷ್‌ಗೆ 50ನ್ನು 0.60ರಿಂದ ಭಾಗಿಸಿ 83 ಕಿಲೋ. 217 ಮತ್ತು 175ರ ನಡುವಿನ ವ್ಯತ್ಯಾಸ ಹೆಕ್ಟೇರಿಗೆ ಹತ್ತಿರ ಹತ್ತಿರ ಒಂದು ಚೀಲ ಯೂರಿಯಾ. ಪ್ರಶ್ನೆಯಲ್ಲಿ ಡಿಎಪಿ ಬದಲು ಸೂಪರ್ ಫಾಸ್ಫೇಟ್ ಎಂದಿದ್ದರೆ ಉತ್ತರವೂ ಬದಲಾಗುತ್ತದೆ. ಸೂಪರ್ ಫಾಸ್ಫೇಟಿನಲ್ಲಿ ಸಾರಜನಕ ಇಲ್ಲ, ಅದು 312.5 ಕಿಲೋ ಬೇಕು, ಯೂರಿಯಾ ಪೂರಾ 217 ಕಿಲೋ ಬೇಕು. ಒಂದು ಪ್ರಶ್ನೆಯ ತಪ್ಪು ಆಯ್ಕೆ ಮತ್ತೊಂದರ ಸರಿ ಉತ್ತರವಾಗುವುದರಿಂದ ಗೊಬ್ಬರದ ಹೆಸರನ್ನು ಎರಡು ಸಲ ಓದುವುದು ಒಳ್ಳೆಯದು. ಎಕರೆಗೆ ಕೇಳಿದ್ದರೆ ಎಲ್ಲವನ್ನೂ 2.5ರಿಂದ ಭಾಗಿಸಿದರಾಯಿತು.

ಮುಂದಿನ ಹಂತದ ಪ್ರಶ್ನೆ ಇದನ್ನು ಕಂತುಗಳಾಗಿ ಹಂಚಲು ಹೇಳುತ್ತದೆ. ಸಾರಜನಕದ ಅರ್ಧವನ್ನು ನಾಟಿಯ ಹೊತ್ತಿಗೆ ತಳಗೊಬ್ಬರವಾಗಿ, ಕಾಲುಭಾಗವನ್ನು ತೆಂಡೆ ಒಡೆಯುವಾಗ, ಉಳಿದ ಕಾಲುಭಾಗವನ್ನು ತೆನೆ ಮೂಡುವಾಗ ಮೇಲುಗೊಬ್ಬರವಾಗಿ ಕೊಡಬೇಕು ಎಂದಿಟ್ಟುಕೊಂಡರೆ, ನಾಟಿಯ ಹೊತ್ತಿಗೆ ಬೇಕಾದ 50 ಕಿಲೋ ಸಾರಜನಕದಲ್ಲಿ 19.6 ಕಿಲೋ ಡಿಎಪಿಯಿಂದ ಬರುತ್ತದೆ. ಉಳಿದ 30.4 ಕಿಲೋಗೆ 66 ಕಿಲೋ ಯೂರಿಯಾ. ಆಮೇಲೆ ಎರಡು ಸಲ ತಲಾ 54 ಕಿಲೋ. ರಂಜಕ ಮಣ್ಣಿನಲ್ಲಿ ಸರಿದಾಡುವುದಿಲ್ಲವಾದ್ದರಿಂದ ಅದನ್ನು ಒಂದೇ ಸಲ ಬುಡಕ್ಕೆ ಕೊಡುತ್ತಾರೆ. ಯೂರಿಯಾ ನೀರಿನಲ್ಲಿ ಬೇಗ ಕರಗಿ, ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುವ ಸ್ವಭಾವದ್ದು. ರಸಸಾರ ಹೆಚ್ಚಿರುವ ಮಣ್ಣಿನಲ್ಲಿ ಈ ನಷ್ಟ ಇನ್ನೂ ಜಾಸ್ತಿ. ಆದ್ದರಿಂದಲೇ ಕಂತು. ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸುವುದೂ ಮಣ್ಣಿನಲ್ಲಿ ಅದರ ರೂಪಾಂತರವನ್ನು ನಿಧಾನಗೊಳಿಸಲು. 2015ರಲ್ಲಿ ದೇಶದೊಳಗಿನ ಎಲ್ಲ ಯೂರಿಯಾಕ್ಕೂ ಈ ಲೇಪನ ಕಡ್ಡಾಯವಾಯಿತು. ಅದೇ ವರ್ಷ ಫೆಬ್ರುವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಮಣ್ಣು ಆರೋಗ್ಯ ಚೀಟಿ ಯೋಜನೆ ಶುರುವಾಯಿತು. ಯೋಜನೆ, ವರ್ಷ, ಊರು ಹೊಂದಿಸುವ ಪ್ರಶ್ನೆಗೆ ಇವು ಸಿದ್ಧ ಸಾಮಗ್ರಿ.

ಕೊರತೆಯ ಲಕ್ಷಣಗಳ ಪ್ರಶ್ನೆಯಲ್ಲಿ ನೆನಪಿಗಿಂತ ತರ್ಕ ಹೆಚ್ಚು ಕೆಲಸಕ್ಕೆ ಬರುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಗಿಡದೊಳಗೆ ಸರಿದಾಡಬಲ್ಲವು. ಕೊರತೆ ಬಂದಾಗ ಗಿಡ ಹಳೆಯ ಎಲೆಯಿಂದ ಅವನ್ನು ಹೀರಿ ಹೊಸ ಚಿಗುರಿಗೆ ಕೊಡುತ್ತದೆ. ಲಕ್ಷಣ ಮೊದಲು ಕೆಳಗಿನ ಎಲೆಗಳಲ್ಲಿ ಕಾಣುತ್ತದೆ. ಕ್ಯಾಲ್ಸಿಯಂ, ಬೋರಾನ್, ಕಬ್ಬಿಣ ಸರಿದಾಡವು, ಹಾಗಾಗಿ ಲಕ್ಷಣ ಚಿಗುರಿನಲ್ಲಿ. ಗಂಧಕದ ಕೊರತೆಯೂ ಹೊಸ ಎಲೆಯನ್ನೇ ಹಳದಿ ಮಾಡುತ್ತದೆ, ಸಾರಜನಕದ ಕೊರತೆಯಿಂದ ಅದನ್ನು ಬೇರ್ಪಡಿಸುವ ಗುರುತು ಇದೇ. ತುಂಗಭದ್ರಾ ಸೀಮೆಯ ಹೆಚ್ಚು ರಸಸಾರದ ಗದ್ದೆಗಳಲ್ಲಿ ಸತುವು ಗಿಡಕ್ಕೆ ದಕ್ಕುವುದು ಕಷ್ಟ. ನಾಟಿಯಾದ ಎರಡು, ಮೂರು ವಾರಕ್ಕೆ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬಿದ್ದು ಪೈರು ಗಿಡ್ಡವಾದರೆ ಅದು ಖೈರಾ. ಹೆಸರಿನಲ್ಲಿ ರೋಗ ಎಂದಿದ್ದರೂ ಶಿಲೀಂಧ್ರವಾಗಲೀ ವೈರಸ್ಸಾಗಲೀ ಇದಕ್ಕೆ ಕಾರಣವಲ್ಲ, ಸತುವಿನ ಕೊರತೆಯೇ ಕಾರಣ. ಮದ್ದು ಸತುವಿನ ಸಲ್ಫೇಟ್. ಅದನ್ನು ಡಿಎಪಿಯ ಜೊತೆ ಬೆರೆಸಿ ಹಾಕಬಾರದು, ರಂಜಕ ಸತುವನ್ನು ಕಟ್ಟಿಹಾಕುತ್ತದೆ.

ಯೂರಿಯಾದ ಲೆಕ್ಕ ತಪ್ಪಿದ್ದರ ಫಲ ಕೀಟದ ಅಧ್ಯಾಯದಲ್ಲಿ ಕಾಣುತ್ತದೆ. ಸಾರಜನಕ ಹೆಚ್ಚಾದ ಭತ್ತ ಕಡುಹಸಿರಾಗಿ, ದಟ್ಟವಾಗಿ, ರಸಭರಿತವಾಗಿ ಬೆಳೆಯುತ್ತದೆ. ಕಂದು ಜಿಗಿಹುಳು ವೃದ್ಧಿಯಾಗಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಇದು ಎಲೆಯ ಮೇಲೆ ಕೂರುವ ಹುಳು ಅಲ್ಲ. ಬುಡದಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗುಂಪಾಗಿ ಕುಳಿತು ರಸ ಹೀರುತ್ತದೆ. ಗದ್ದೆಯ ಬದುವಿನಲ್ಲಿ ನಿಂತು ನೋಡುವವರಿಗೆ ಮೊದಲ ಎರಡು ವಾರ ಏನೂ ಕಾಣಿಸದು. ಪೈರನ್ನು ಬಗ್ಗಿಸಿ ಬುಡ ತಟ್ಟಿದರೆ ಸಣ್ಣ ಕಂದು ಹುಳುಗಳು ನೀರಿನ ಮೇಲೆ ಉದುರುತ್ತವೆ. ಆಮೇಲೆ ಗದ್ದೆಯ ನಡುವೆ ಅಲ್ಲಲ್ಲಿ ದುಂಡಗಿನ ತೇಪೆಗಳಂತೆ ಪೈರು ಹಳದಿಯಾಗಿ, ಕೆಲವೇ ದಿನಗಳಲ್ಲಿ ಬೆಂಕಿ ತಗುಲಿದಂತೆ ಒಣಗುತ್ತದೆ. ಇಂಗ್ಲಿಷ್ ಪುಸ್ತಕಗಳ ‘ಹಾಪರ್ ಬರ್ನ್’ ಇದೇ. ಇಲ್ಲಿ ಹುಷಾರಾಗಿರಬೇಕು: ಕನ್ನಡದಲ್ಲಿ ಬೆಂಕಿ ರೋಗ ಎಂದು ಕರೆಯುವುದು ಬೇರೆಯದನ್ನು. ಅದು ಶಿಲೀಂಧ್ರದಿಂದ ಬರುವ ಬ್ಲಾಸ್ಟ್. ಎಲೆಯ ಮೇಲೆ ಕದಿರಿನಾಕಾರದ, ನಡುವೆ ಬೂದು ಬಣ್ಣದ, ಅಂಚಿನಲ್ಲಿ ಕಂದು ಬಣ್ಣದ ಚುಕ್ಕೆ ಅದರ ಗುರುತು.

ಜಿಗಿಹುಳುವಿನ ನಿರ್ವಹಣೆಯ ಪ್ರಶ್ನೆಗಳೂ ಈ ಸ್ವಭಾವದಿಂದಲೇ ಹುಟ್ಟುತ್ತವೆ. ನಾಟಿ ಮಾಡುವಾಗ ಎರಡು, ಮೂರು ಮೀಟರಿಗೊಂದು ಒಂದಡಿ ಅಗಲದ ಓಣಿ ಬಿಟ್ಟರೆ ಬುಡಕ್ಕೆ ಗಾಳಿ ಬೆಳಕು ಬೀಳುತ್ತದೆ, ಸಿಂಪರಣೆಯೂ ಬುಡ ಮುಟ್ಟುತ್ತದೆ. ಹುಳು ಕಂಡಾಗ ಗದ್ದೆಯ ನೀರನ್ನು ಕೆಲ ದಿನ ಬಸಿದುಬಿಡಬೇಕು. ಸಾರಜನಕವನ್ನು ಶಿಫಾರಸಿನ ಮಿತಿಯಲ್ಲಿಡಬೇಕು. ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆಯಬಾರದು, ಅದು ಜೇಡಗಳನ್ನೂ ಜಿಗಿಹುಳುವಿನ ಮೊಟ್ಟೆ ತಿನ್ನುವ ಮಿರಿಡ್ ತಿಗಣೆಯನ್ನೂ ಕೊಂದು, ಜಿಗಿಹುಳು ಮೊದಲಿಗಿಂತ ಹೆಚ್ಚಾಗಿ ಮರುಕಳಿಸುವಂತೆ ಮಾಡುತ್ತದೆ. ‘ಕೀಟನಾಶಕ ಸಿಂಪಡಿಸಿದ ನಂತರ ಕಂದು ಜಿಗಿಹುಳುವಿನ ಸಂಖ್ಯೆ ಏರಿತು’ ಎಂಬ ಹೇಳಿಕೆ ಪ್ರಶ್ನೆಪತ್ರಿಕೆಯಲ್ಲಿ ಕಂಡರೆ ಅದು ಮುದ್ರಣದೋಷ ಇರಬೇಕೆಂದು ಅಂದುಕೊಳ್ಳಬೇಕಿಲ್ಲ.

ಭತ್ತದ ಕಾಂಡ ಕೊರಕದ ಬಗ್ಗೆ ಕೇಳುವುದು ಬೆಳೆಯ ಹಂತ ಮತ್ತು ಲಕ್ಷಣದ ಸಂಬಂಧ. ಪೈರು ಎಳೆಯದಿದ್ದಾಗ ಹುಳು ಒಳಹೊಕ್ಕರೆ ನಡುವಿನ ಸುಳಿ ಒಣಗುತ್ತದೆ, ಹಿಡಿದು ಎಳೆದರೆ ಸಲೀಸಾಗಿ ಕಿತ್ತು ಬರುತ್ತದೆ. ತೆನೆ ಬಂದ ಮೇಲೆ ಹೊಕ್ಕರೆ ತೆನೆಯೆಲ್ಲ ಜೊಳ್ಳಾಗಿ ಬೆಳ್ಳಗೆ ನೆಟ್ಟಗೆ ನಿಲ್ಲುತ್ತದೆ. ಬಿಳಿ ತೆನೆಯನ್ನು ಮಾತ್ರ ಹೇಳಿ ಕಾರಣ ಕೇಳಿದರೆ ಇನ್ನೊಂದು ಸಾಧ್ಯತೆಯನ್ನೂ ಯೋಚಿಸಬೇಕಾಗುತ್ತದೆ. ತೆನೆಯ ಕುತ್ತಿಗೆಗೆ ಬೆಂಕಿ ರೋಗ ತಗುಲಿದಾಗಲೂ ಕಾಳು ಜೊಳ್ಳಾಗುತ್ತದೆ. ಆಗ ಕುತ್ತಿಗೆಯ ಗೆಣ್ಣು ಕಪ್ಪಾಗಿ ತೆನೆ ಅಲ್ಲಿಯೇ ಮುರಿದು ಜೋತುಬೀಳುತ್ತದೆ. ಕೊರಕದ ತೆನೆ ಜೋತುಬೀಳುವುದಿಲ್ಲ, ಎಳೆದರೆ ಬುಡದಲ್ಲಿ ಹುಳು ಕಡಿದ ಗುರುತು ಕಾಣುತ್ತದೆ.

ಅದೇ ಸೀಮೆಯ ಮೆಣಸಿನಕಾಯಿಯಲ್ಲಿ ಎಲೆ ಮುಟುರಿಕೊಳ್ಳುವುದಕ್ಕೆ ಥ್ರಿಪ್ಸ್ ಕಾರಣವಾದರೆ ಎಲೆಯಂಚು ಮೇಲ್ಮುಖವಾಗಿ ದೋಣಿಯಂತಾಗುತ್ತದೆ, ಮೈಟ್ ನುಸಿ ಕಾರಣವಾದರೆ ಕೆಳಮುಖವಾಗಿ ಮಡಚಿಕೊಳ್ಳುತ್ತದೆ. ಮೈಟ್‌ಗೆ ಎಂಟು ಕಾಲು, ಅದು ಕೀಟವೇ ಅಲ್ಲ. ಅದಕ್ಕೆ ನುಸಿನಾಶಕವೇ ಬೇಕು. ತೊಗರಿ ಹೂ ಬಿಡದೆ ಪೊದೆಯಾಗಿ ನಿಲ್ಲುವ ಬಂಜೆ ರೋಗವನ್ನು ಹರಡುವುದೂ ಬರಿಗಣ್ಣಿಗೆ ಕಾಣದ ಇಂಥದೇ ಒಂದು ನುಸಿ. ಮೆಕ್ಕೆಜೋಳದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ಕರ್ನಾಟಕದಲ್ಲಿ, 2018ರಲ್ಲಿ, ಶಿವಮೊಗ್ಗದ ಮೆಕ್ಕೆಜೋಳದ ತಾಕುಗಳಲ್ಲಿ. ಅಮೆರಿಕ ಖಂಡದ ಈ ಹುಳು ಅದಕ್ಕೆ ಎರಡು ವರ್ಷ ಮೊದಲು ಆಫ್ರಿಕಾದಲ್ಲಿ ಕಾಣಿಸಿಕೊಂಡಿತ್ತು. ಸುಳಿಯೊಳಗೆ ಕುಳಿತು ತಿಂದು ಮರದ ಹೊಟ್ಟಿನಂಥ ಲದ್ದಿಯನ್ನು ರಾಶಿ ಹಾಕುವುದರಿಂದ ರೈತರು ಇದನ್ನು ಲದ್ದಿ ಹುಳು ಎನ್ನುತ್ತಾರೆ. ಹುಳುವನ್ನು ಅಂಗೈ ಮೇಲಿಟ್ಟು ನೋಡಿದರೆ ತಲೆಯ ಮೇಲೆ ತಲೆಕೆಳಗಾದ Y ಗುರುತು, ಬಾಲದ ಕಡೆ ಚೌಕವಾಗಿ ಕೂತ ನಾಲ್ಕು ಕಪ್ಪು ಚುಕ್ಕೆಗಳು ಕಾಣುತ್ತವೆ. ಚಿತ್ರ ಕೊಟ್ಟು ಗುರುತಿಸಲು ಹೇಳುವ ಪ್ರಶ್ನೆಗೆ ಇವೆರಡೇ ಆಧಾರ.

ಕೀಟನಾಶಕದ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವೂ ನೇರ ಪ್ರಶ್ನೆಯಾಗಿ ಬರುತ್ತದೆ. ಕೆಂಪು ಅತ್ಯಂತ ವಿಷಕಾರಿ, ಆಮೇಲೆ ಹಳದಿ, ನೀಲಿ, ಹಸಿರು ಈ ಕ್ರಮದಲ್ಲಿ ವಿಷ ಇಳಿಯುತ್ತದೆ. ಹಸಿರು ಎಂದರೆ ವಿಷವಿಲ್ಲ ಎಂದಲ್ಲ, ಕಡಿಮೆ ವಿಷ ಎಂದಷ್ಟೇ.

ಕೆಲವು ಪ್ರಶ್ನೆಗಳಿಗೆ ಪುಸ್ತಕಗಳೇ ಎರಡು ಉತ್ತರ ಕೊಡುತ್ತವೆ. ಗೋಡು ಕಣದ ಗರಿಷ್ಠ ಗಾತ್ರ ಅಂತರರಾಷ್ಟ್ರೀಯ ಪದ್ಧತಿಯಲ್ಲಿ 0.02 ಮಿಲಿಮೀಟರ್, ಅಮೆರಿಕದ ಪದ್ಧತಿಯಲ್ಲಿ 0.05; ಜೇಡಿಯ 0.002ರ ಮಿತಿ ಎರಡರಲ್ಲೂ ಒಂದೇ. ಯೂರಿಯಾ ಚೀಲದ ತೂಕ ಹಳೆಯ ಗೈಡುಗಳಲ್ಲಿ 50 ಕಿಲೋ, 2018ರ ನಂತರ ಅದು 45 ಕಿಲೋ. ಸಾರಜನಕ, ರಂಜಕ, ಪೊಟ್ಯಾಷ್ 4:2:1 ಇರಬೇಕೆಂಬುದು ದೇಶದ ಒಟ್ಟು ಬಳಕೆಯನ್ನು ಅಳೆಯುವ ಮಾನದಂಡ. ಅದನ್ನು ತೊಗರಿಗೋ ನೆಲಗಡಲೆಗೋ ಅನ್ವಯಿಸಿದರೆ ತಪ್ಪು. ಬೇರಿನ ಗಂಟಿನಲ್ಲಿರುವ ರೈಜೋಬಿಯಂ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಆ ಬೆಳೆಗಳಿಗೆ ಸಾರಜನಕಕ್ಕಿಂತ ರಂಜಕವನ್ನೇ ಹೆಚ್ಚು ಶಿಫಾರಸು ಮಾಡುತ್ತಾರೆ. ಜೋಳ, ನೆಲಗಡಲೆ, ಸೂರ್ಯಕಾಂತಿಗಳನ್ನು ಒಂದಕ್ಕಿಂತ ಹೆಚ್ಚು ಹಂಗಾಮಿನಲ್ಲಿ ಬೆಳೆಯುವುದರಿಂದ ಹಂಗಾಮಿನ ಪ್ರಶ್ನೆಯಲ್ಲಿ ಅವು ಗೊಂದಲ ಹುಟ್ಟಿಸುತ್ತವೆ. ಅಂಥಲ್ಲಿ ಉಳಿದ ಮೂರು ಆಯ್ಕೆಗಳನ್ನು ನೋಡಿ, ಒಂದೇ ಹಂಗಾಮಿಗೆ ಕಟ್ಟುಬಿದ್ದ ಬೆಳೆ ಯಾವುದೆಂದು ಹುಡುಕುವುದು ದಾರಿ. ಕುಸುಬೆ, ಕಡಲೆ ಇದ್ದರೆ ಹಿಂಗಾರಿಗೆ ಅವೇ ಗಟ್ಟಿ. ಪರೀಕ್ಷೆಯ ನಂತರ ಆಯೋಗ ತಾತ್ಕಾಲಿಕ ಕೀ ಉತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆ ಆಹ್ವಾನಿಸುತ್ತದೆ. ಎರಡು ಉತ್ತರ ಸರಿಯೆನಿಸುವ ಪ್ರಶ್ನೆಗಳನ್ನು ಆಗ ಆಧಾರ ಸಮೇತ ಎತ್ತಿ ತೋರಿಸಬಹುದು. ಅಂಥ ಕಡೆ ಬೆಂಗಳೂರು, ಧಾರವಾಡ, ರಾಯಚೂರು ಕೃಷಿ ವಿಶ್ವವಿದ್ಯಾಲಯಗಳು ಹೊರತರುವ ಬೇಸಾಯ ಪದ್ಧತಿಗಳ ಕೈಪಿಡಿ ಗೈಡಿಗಿಂತ ಗಟ್ಟಿಯಾದ ಆಧಾರ.